ಒಂದು ಮನೆ, ಒಂದಿಷ್ಟು ಠೇವಣಿ, ಮೂವರು ಮಕ್ಕಳು: ನಿವೃತ್ತ ಶಿಕ್ಷಕರ ವಿಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳೆಲ್ಲ ಒಂದೇ ಲೆಕ್ಕವನ್ನು ಹಿಡಿದು ಸಾಗುತ್ತವೆ. ಪ್ರೌಢಶಾಲೆಯಿಂದ ನಿವೃತ್ತರಾದ ಒಬ್ಬ ಮೇಷ್ಟ್ರು, ವಯಸ್ಸು 71, ಪತ್ನಿ ತೀರಿಕೊಂಡಿದ್ದಾರೆ. ಬೆಂಗಳೂರಿನಲ್ಲಿ 30x40 ನಿವೇಶನದಲ್ಲಿ ಮನೆ. ಕೆಳಗೆ ಅವರು, ಮಹಡಿ ಮೇಲೆ ದೊಡ್ಡ ಮಗನ ಸಂಸಾರ. ಮಗಳು ಮೈಸೂರಿನಲ್ಲಿ, ಚಿಕ್ಕ ಮಗ ಹೈದರಾಬಾದಿನಲ್ಲಿ. ಲೆಕ್ಕಕ್ಕೆ ಅನುಕೂಲವಾಗಲೆಂದು ಮನೆಯ ಬೆಲೆ 1 ಕೋಟಿ 50 ಲಕ್ಷ, ಬ್ಯಾಂಕು ಮತ್ತು ಅಂಚೆ ಕಚೇರಿಯ ಠೇವಣಿ ಒಟ್ಟು 60 ಲಕ್ಷ ಎಂದಿಟ್ಟುಕೊಳ್ಳೋಣ. ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇವೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ನಿಯಮ ಬೇರೆ.

ವಿಲ್ ಬರೆಯದಿದ್ದರೂ ಮೂವರಿಗೂ ಸಮಪಾಲು ಬರುತ್ತದಲ್ಲ? ಮತ್ತೆ ಬರೆಯುವುದೇಕೆ?

ಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆಯ ಸ್ವಯಾರ್ಜಿತ ಆಸ್ತಿ ವಿಲ್ ಇಲ್ಲದಿದ್ದರೆ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮನಾಗಿ ಹೋಗುತ್ತದೆ. ಮದುವೆಯಾಗಿ ಹೋದ ಮಗಳಿಗೂ ಅಷ್ಟೇ ಪಾಲು. ಆದರೆ ಕಾನೂನು ಹೇಳುವುದು ಎಷ್ಟು ಪಾಲು ಎಂಬುದನ್ನು ಮಾತ್ರ. ಮನೆಯಲ್ಲಿ ಯಾರು ಇರಬೇಕು, ಯಾರು ಯಾರಿಗೆ ಹಣ ಕೊಡಬೇಕು, ಯಾವ ಬೆಲೆಗೆ, ಎಷ್ಟು ದಿನದೊಳಗೆ ಎಂಬುದನ್ನು ಅದು ಹೇಳುವುದಿಲ್ಲ.

ಠೇವಣಿಯನ್ನು ಮೂರು ಭಾಗ ಮಾಡುವುದು ಸುಲಭ. 30 ಅಡಿ ಅಗಲದ ಮನೆಯನ್ನು ಮೂರು ಮಾಡಿದರೆ ತಲಾ 10 ಅಡಿಯ ಪಟ್ಟಿ ಸಿಗುತ್ತದೆ. ಒಂದರಲ್ಲಿ ಮೆಟ್ಟಿಲು, ಇನ್ನೊಂದರಲ್ಲಿ ಸಂಪು. ಹಾಗಾಗಿ ಮೂವರೂ ಅವಿಭಜಿತ ಮೂರನೇ ಒಂದು ಪಾಲಿನ ಜಂಟಿ ಮಾಲೀಕರಾಗಿ ಉಳಿಯುತ್ತಾರೆ. ಒಬ್ಬರು ಮಾರೋಣ ಎಂದು, ಇನ್ನೊಬ್ಬರು ಬೇಡ ಎಂದು ಕೂತರೆ ವಿಭಾಗದ ದಾವೆಯೊಂದೇ ದಾರಿ. ಅಳತೆಯಲ್ಲಿ ಪಾಲು ಮಾಡಲಾಗದ ಮನೆಯನ್ನು ಮಾರಿ ಹಣ ಹಂಚಿ ಎಂದು ಆದೇಶಿಸಲು 1893ರ ವಿಭಾಗ ಕಾಯ್ದೆ ಕೋರ್ಟಿಗೆ ಅವಕಾಶ ಕೊಟ್ಟಿದೆ. ಅಲ್ಲಿಗೆ ತಲುಪಲು ವರ್ಷಗಳೇ ಬೇಕು. "ಮನೆಯನ್ನು ಮೂವರೂ ಸಮನಾಗಿ ಅನುಭವಿಸತಕ್ಕದ್ದು" ಎಂದಷ್ಟೇ ಬರೆದ ವಿಲ್ ಕೂಡ ಮಕ್ಕಳನ್ನು ಇದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಖಾತೆ ನನ್ನ ಹೆಸರಿನಲ್ಲಿದೆ. ಮನೆ ಪೂರ್ತಿ ನನ್ನದೇ ಅಲ್ಲವೇ?

ಖಾತೆ ಎಂದರೆ ತೆರಿಗೆ ಕಟ್ಟುವವರ ಹೆಸರು. ಒಡೆತನ ಗೊತ್ತಾಗುವುದು ಕ್ರಯಪತ್ರದಿಂದ. ಮೊದಲು ಅದನ್ನು ತೆಗೆದು, ಕೊಂಡವರ ಹೆಸರಿನ ಜಾಗದಲ್ಲಿ ಯಾರಿದ್ದಾರೆ ಎಂದು ನೋಡಿ.

ಅಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದು, ಪತ್ನಿ ವಿಲ್ ಬರೆಯದೆ ತೀರಿಕೊಂಡಿದ್ದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ಪತ್ನಿಯ ಅರ್ಧ ತಾನಾಗಿ ಗಂಡನಿಗೆ ಬರುವುದಿಲ್ಲ. ಅದು ಗಂಡ ಮತ್ತು ಮೂವರು ಮಕ್ಕಳಿಗೆ ಸಮನಾಗಿ, ಅಂದರೆ ನಾಲ್ಕು ಪಾಲಾಗಿ ಹೋಗುತ್ತದೆ. ಅರ್ಧದ ನಾಲ್ಕನೇ ಒಂದು ಎಂದರೆ ಇಡೀ ಮನೆಯ ಎಂಟನೇ ಒಂದು. ಮೇಷ್ಟ್ರ ಪಾಲು ಅರ್ಧ ಮತ್ತು ಎಂಟನೇ ಒಂದು ಸೇರಿ 5/8. ಮೂವರು ಮಕ್ಕಳು ಆಗಲೇ ತಲಾ 1/8ರ ಮಾಲೀಕರು. ಮೇಷ್ಟ್ರು ವಿಲ್ ಬರೆಯಬಹುದಾದದ್ದು ಆ 5/8ಕ್ಕೆ ಮಾತ್ರ. ಇಡೀ ಮನೆಗೆ ಬರೆದರೆ ಉಳಿದ 3/8ರ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ, ಹಂಚಿಕೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮಕ್ಕಳು ಒಪ್ಪುವುದಾದರೆ ಅವರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿ ನೋಂದಾಯಿಸಿಕೊಂಡು ಆಮೇಲೆ ವಿಲ್ ಬರೆಯಬೇಕು. ಇಲ್ಲವಾದರೆ ಅವರ 1/8 ಪಾಲುಗಳನ್ನು ಲೆಕ್ಕದಲ್ಲಿ ಹಿಡಿದೇ ಬರೆಯಬೇಕು.

ಇನ್ನೂ ಎರಡು ವಿಷಯ ನೋಡಿಕೊಳ್ಳಿ. ನಿವೇಶನ ಬಿಡಿಎಯಿಂದ ಬಂದದ್ದಾದರೆ, ಲೀಸ್ ಕಂ ಸೇಲ್ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಸಿಕೊಂಡಿದ್ದೀರಾ? ಮರೆತು ಬಿಟ್ಟಿದ್ದರೆ ಬದುಕಿರುವಾಗಲೇ ಮಾಡಿಸಿ; ಆಮೇಲೆ ಮೂವರು ಮಕ್ಕಳೂ ದಾಖಲೆ ಹಿಡಿದು ಓಡಾಡಬೇಕಾಗುತ್ತದೆ. ಊರಿನ ಪಿತ್ರಾರ್ಜಿತ ಜಮೀನು ಮಾರಿದ ಹಣದಲ್ಲಿ ಮನೆ ಕಟ್ಟಿದ್ದರೆ, ಮಕ್ಕಳಲ್ಲೊಬ್ಬರು ಅದನ್ನು ಕುಟುಂಬದ ಆಸ್ತಿ ಎಂದು ವಾದಿಸಬಹುದು. ಸಂಬಳದಿಂದ, ಸಾಲದಿಂದ ಕಟ್ಟಿದ್ದರೆ ಸಾಲದ ಮಂಜೂರಾತಿ ಪತ್ರ, ಕಂತು ಕಟ್ಟಿದ ಪಾಸ್‌ಬುಕ್ಕು ಎಸೆಯಬೇಡಿ. ಸ್ವಯಾರ್ಜಿತ ಎನ್ನಲು ಅವೇ ಪುರಾವೆ.

"ಮನೆ ದೊಡ್ಡವನಿಗೆ, ಠೇವಣಿ ಉಳಿದಿಬ್ಬರಿಗೆ" ಎಂದು ಬರೆದರೆ ಸಾಕಾಗುವುದಿಲ್ಲವೇ?

ಬಹಳ ಮಂದಿ ಹೀಗೆಯೇ ಬರೆಯುತ್ತಾರೆ, ಏಕೆಂದರೆ ಓದಲು ಸರಳ. ಆದರೆ ಬರೆದ ದಿನವೇ ದೊಡ್ಡ ಮಗನಿಗೆ ಒಂದೂವರೆ ಕೋಟಿ, ಉಳಿದವರಿಗೆ ತಲಾ 30 ಲಕ್ಷ. ಮೇಷ್ಟ್ರು ಇನ್ನು ಹತ್ತು ವರ್ಷ ಬದುಕುತ್ತಾರೆ ಎಂದುಕೊಳ್ಳಿ. ಮನೆಯ ಬೆಲೆ 1 ಕೋಟಿ 80 ಲಕ್ಷಕ್ಕೆ ಏರುತ್ತದೆ. ಆಸ್ಪತ್ರೆಗೆ 20 ಲಕ್ಷ ಖರ್ಚಾಗಿ ಠೇವಣಿ 40 ಲಕ್ಷಕ್ಕೆ ಇಳಿಯುತ್ತದೆ. ಆಗ ಒಬ್ಬರಿಗೆ 1 ಕೋಟಿ 80 ಲಕ್ಷ, ಉಳಿದಿಬ್ಬರಿಗೆ ತಲಾ 20 ಲಕ್ಷ. ತಂದೆಯ ಚಿಕಿತ್ಸೆಯ ಖರ್ಚನ್ನೆಲ್ಲ ಮಗಳು ಮತ್ತು ಚಿಕ್ಕ ಮಗನೇ ಹೊತ್ತಂತಾಯಿತು. ಯಾರೂ ಬಯಸದೇ ಇದ್ದರೂ ವಿಲ್ ಬರೆದ ರೀತಿಯಿಂದಲೇ ಆದ ಅನ್ಯಾಯ ಇದು.

ಎರಡನೆಯ ತಪ್ಪು, ಖಾತೆ ಸಂಖ್ಯೆಗೆ ಕಟ್ಟುಬಿದ್ದು ಬರೆಯುವುದು. "ಇಂಥ ನಂಬರಿನ ಎಫ್‌ಡಿ ಮಗಳಿಗೆ" ಎಂದು ಬರೆದು, ಆ ಎಫ್‌ಡಿ ಮುಗಿದು ಹಣ ಬೇರೆ ಕಡೆ ಹೋದರೆ ಮಗಳ ಪಾಲೇ ಇಲ್ಲವಾಗಬಹುದು. ಎಫ್‌ಡಿ ಪ್ರತಿ ಸಲ ನವೀಕರಣವಾಗುತ್ತದೆ, ಹಿರಿಯ ನಾಗರಿಕರ ಉಳಿತಾಯ ಯೋಜನೆ ಐದು ವರ್ಷಕ್ಕೆ ಮುಗಿಯುತ್ತದೆ. ಖಾತೆಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಅದು ಮಕ್ಕಳು ಹುಡುಕುವುದಕ್ಕೆ. ವಿಲ್‌ನಲ್ಲಿ "ನನ್ನ ಹೆಸರಿನಲ್ಲಿ ಆ ದಿನ ಇರುವ ಎಲ್ಲ ಠೇವಣಿ, ಉಳಿತಾಯ ಮತ್ತು ಹಣ" ಎಂದಿರಲಿ.

ಹಾಗಾದರೆ ಹೇಗೆ ಬರೆಯಬೇಕು?

ಮೊತ್ತ ಬರೆಯಬೇಡಿ, ಲೆಕ್ಕ ಮಾಡುವ ಕ್ರಮ ಬರೆಯಿರಿ. ಆ ಕ್ರಮದ ವಾಕ್ಯಗಳು ಹೀಗಿರಬಹುದು:

"ನನ್ನ ಮರಣದ ದಿನದ ಮನೆಯ ಬೆಲೆಯನ್ನೂ ನನ್ನ ಹೆಸರಿನಲ್ಲಿರುವ ಎಲ್ಲ ಹಣವನ್ನೂ ಕೂಡಿಸಿ, ಅದರಿಂದ ನನ್ನ ಸಾಲ, ಆಸ್ಪತ್ರೆಯ ಬಾಕಿ ಮತ್ತು ಉತ್ತರಕ್ರಿಯೆಯ ಖರ್ಚನ್ನು ಕಳೆದು, ಉಳಿದ ಮೊತ್ತವನ್ನು ಮೂರು ಸಮಭಾಗ ಮಾಡತಕ್ಕದ್ದು. ಮನೆಯು ನನ್ನ ದೊಡ್ಡ ಮಗನ ಭಾಗಕ್ಕೆ ಸೇರತಕ್ಕದ್ದು. ಹಣವೆಲ್ಲ ನನ್ನ ಮಗಳಿಗೂ ಚಿಕ್ಕ ಮಗನಿಗೂ ಸಮನಾಗಿ ಸೇರತಕ್ಕದ್ದು. ಮನೆಯ ಬೆಲೆಯು ದೊಡ್ಡ ಮಗನ ಭಾಗಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಹಣವನ್ನು ಅವನು ನನ್ನ ಮರಣದ ದಿನದಿಂದ ಹನ್ನೆರಡು ತಿಂಗಳೊಳಗೆ ಅವರಿಬ್ಬರಿಗೆ ಸಮನಾಗಿ ಸಂದಾಯ ಮಾಡತಕ್ಕದ್ದು. ಈ ಹಣ ಸಂದಾಯವಾಗುವುದು ಮನೆಯು ಅವನಿಗೆ ಸೇರಲು ಷರತ್ತಾಗಿರುತ್ತದೆ."

ಬರೆದ ದಿನದ ಲೆಕ್ಕಕ್ಕೆ ಇದನ್ನು ಇಟ್ಟು ನೋಡಿ. 150 ಮತ್ತು 60 ಸೇರಿ 210 ಲಕ್ಷ, ತಲಾ 70. ದೊಡ್ಡವನು 150ರ ಮನೆ ಪಡೆದು 80 ಲಕ್ಷ ಕೊಡುತ್ತಾನೆ. ಉಳಿದಿಬ್ಬರಿಗೆ ಠೇವಣಿಯಿಂದ 30, ಅಣ್ಣನಿಂದ 40. ಹತ್ತು ವರ್ಷದ ನಂತರದ ಲೆಕ್ಕಕ್ಕೆ ಇಟ್ಟರೆ 180 ಮತ್ತು 40 ಸೇರಿ 220 ಲಕ್ಷ. ತಲಾ 73,33,333 ರೂಪಾಯಿ. ಮನೆ ಏರಿದ್ದರಿಂದ ದೊಡ್ಡವನು ಕೊಡಬೇಕಾದದ್ದೂ ಏರಿತು, ಆಸ್ಪತ್ರೆಯ ಖರ್ಚು ಮೂವರ ಮೇಲೂ ಸಮನಾಗಿ ಬಿತ್ತು. ವಿಲ್‌ನ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.

ಮನೆಯನ್ನು ಮೊದಲು ಮೂವರ ಹೆಸರಿಗೂ ಬರೆದು, ಆಮೇಲೆ ಇಬ್ಬರು ಹಣ ಪಡೆದು ಹಕ್ಕು ಬಿಟ್ಟುಕೊಡಲಿ ಎಂದು ಬರೆಯುವವರೂ ಇದ್ದಾರೆ. ಅದರಲ್ಲಿ ಬಿಡುಗಡೆ ಪತ್ರದ ನೋಂದಣಿಯ ಖರ್ಚು ಬರುತ್ತದೆ, ಹಣ ಪಡೆದವರಿಗೆ ಬಂಡವಾಳ ಲಾಭದ ತೆರಿಗೆಯ ಪ್ರಶ್ನೆಯೂ ಏಳುತ್ತದೆ. ವಿಲ್‌ನಿಂದಲೇ ನೇರವಾಗಿ ಬರುವ ಮನೆ ಮತ್ತು ಹಣದ ಹಾದಿ ಹೆಚ್ಚು ಚೊಕ್ಕ. ಭಾರತದಲ್ಲಿ ಈಗ ಪಿತ್ರಾರ್ಜನೆಗೆ ತೆರಿಗೆ ಇಲ್ಲ. ಎಸ್ಟೇಟ್ ಸುಂಕವನ್ನು 1985ರಲ್ಲೇ ತೆಗೆದುಹಾಕಲಾಗಿದೆ.

ಮಹಡಿ ಕಟ್ಟಲು ದೊಡ್ಡ ಮಗ 20 ಲಕ್ಷ ಹಾಕಿದ್ದಾನೆ. ಅದನ್ನು ಹೇಗೆ ಹಿಡಿಯುವುದು?

ಬಾಯಿಮಾತಿನಲ್ಲಿ ಉಳಿದುಬಿಟ್ಟರೆ ಅತ್ಯಂತ ಹೆಚ್ಚು ಜಗಳ ತರುವುದು ಈ ವಿಷಯವೇ. ದೊಡ್ಡವನಿಗೆ "ಮಹಡಿ ನನ್ನದು" ಎಂಬ ಭಾವನೆ, ಉಳಿದವರಿಗೆ "ಇಷ್ಟು ವರ್ಷ ಬಾಡಿಗೆ ಇಲ್ಲದೆ ಇದ್ದೆಯಲ್ಲ" ಎಂಬ ಭಾವನೆ. ಎರಡರಲ್ಲೂ ನ್ಯಾಯವಿದೆ. ಇದನ್ನು ತೀರ್ಮಾನಿಸಬಲ್ಲವರು ತಂದೆ ಮಾತ್ರ, ಅದೂ ಬದುಕಿರುವಾಗ.

ನಾವು ಸೂಚಿಸುವುದು ಇಷ್ಟು: ಅವನು ಹಾಕಿದ ಮೊತ್ತವನ್ನು ಬಡ್ಡಿಯಿಲ್ಲದೆ, ಹಾಕಿದಷ್ಟೇ, ಮೊದಲು ಅವನ ಹೆಸರಿಗೆ ಜಮಾ ಹಿಡಿಯಿರಿ, ಆಮೇಲೆ ಉಳಿದದ್ದನ್ನು ಮೂರು ಮಾಡಿ. ಬಡ್ಡಿ ಬೇಡ ಎನ್ನಲು ಎರಡು ಕಾರಣ. ಅವನು ಕೊಡದ ಬಾಡಿಗೆ ಬಡ್ಡಿಗೆ ಸರಿಹೋಗುತ್ತದೆ. ಜೊತೆಗೆ, ಬೆಂಗಳೂರಿನಲ್ಲಿ ಬೆಲೆ ಏರುವುದು ನೆಲಕ್ಕೆ. ಕಟ್ಟಡ ವರ್ಷ ವರ್ಷ ಸವೆಯುತ್ತದೆ. ನೆಲ ಕೊಂಡವರು ತಂದೆ.

ಲೆಕ್ಕ ಹೀಗಾಗುತ್ತದೆ. 210 ಲಕ್ಷದಲ್ಲಿ 20 ತೆಗೆದರೆ 190. ಮೂರರಲ್ಲಿ ಒಂದು 63,33,333. ದೊಡ್ಡವನ ಒಟ್ಟು ಹಕ್ಕು 83,33,333. ಅವನು ಮನೆ ಪಡೆದು 66,66,667 ಕೊಡುತ್ತಾನೆ. ಉಳಿದಿಬ್ಬರಿಗೆ ಠೇವಣಿಯಿಂದ 30 ಲಕ್ಷ, ಅಣ್ಣನಿಂದ 33,33,333. ವಿಲ್‌ನಲ್ಲಿ 20 ಲಕ್ಷ ಎಂಬ ಮೊತ್ತವನ್ನೂ ಯಾವ ವರ್ಷ ಯಾವ ಕೆಲಸಕ್ಕೆ ಎಂಬುದನ್ನೂ ಬರೆದು, "ಇದನ್ನು ಬಿಟ್ಟು ಕಟ್ಟಡದ ಬಗ್ಗೆ ಅವನಿಗೆ ಬೇರೆ ಯಾವ ಹಕ್ಕೂ ಇರುವುದಿಲ್ಲ" ಎಂದೂ ಸೇರಿಸಿ.

ಮಗಳ ಮದುವೆಗೆ ಖರ್ಚು ಮಾಡಿದ್ದೇವೆ. ಅದನ್ನು ಅವಳ ಪಾಲಿನಲ್ಲಿ ಕಳೆಯಬಹುದೇ?

ವಿಲ್ ಬರೆಯುವವರಿಗೆ ಆ ಸ್ವಾತಂತ್ರ್ಯ ಇದೆ. ಆದರೆ ಕಳೆಯಬೇಡಿ ಎಂಬುದು ನಮ್ಮ ಅಭಿಪ್ರಾಯ. ಮಗಳ ಮದುವೆಯ ಛತ್ರದ ಬಾಡಿಗೆಯನ್ನು ಲೆಕ್ಕಕ್ಕೆ ತಂದವರು ಚಿಕ್ಕ ಮಗನ ಎಂಜಿನಿಯರಿಂಗ್ ಶುಲ್ಕವನ್ನೂ ದೊಡ್ಡವನ ಮದುವೆಯನ್ನೂ ತರಬೇಕಾಗುತ್ತದೆ. ಓದು, ಮದುವೆ, ಬಾಣಂತನ ಇವು ತಂದೆತಾಯಿಯ ಕರ್ತವ್ಯದ ಖರ್ಚು. ಲೆಕ್ಕಕ್ಕೆ ಬರಬೇಕಾದದ್ದು ಆಸ್ತಿಯಾಗಿ ನಿಂತ ಹಣ: ನಿವೇಶನ ಕೊಳ್ಳಲು, ಫ್ಲ್ಯಾಟಿನ ಮುಂಗಡಕ್ಕೆ, ವ್ಯಾಪಾರಕ್ಕೆ ಒಬ್ಬರಿಗೆ ಕೊಟ್ಟದ್ದು. ಅಂಥದ್ದೇನಾದರೂ ಇದ್ದರೆ ಹೆಸರು, ಮೊತ್ತ, ವರ್ಷ ಬರೆದು ಆ ಮಗುವಿನ ಭಾಗದಲ್ಲಿ ಕಳೆಯಿರಿ.

ಮನೆಯ ಬೆಲೆ ಯಾರು ಹೇಳಬೇಕು?

ಸರ್ಕಾರದ ಮಾರ್ಗಸೂಚಿ ಬೆಲೆ ಬೇಡ. ಅದು ಮುದ್ರಾಂಕ ಶುಲ್ಕಕ್ಕಾಗಿ ಇರುವ ಕನಿಷ್ಠ ಬೆಲೆ. ಮಾರುಕಟ್ಟೆ ಬೆಲೆಗಿಂತ ಕಡಿಮೆ ಇದ್ದಾಗ ಮನೆ ಪಡೆಯುವವರಿಗೆ ಸುಮ್ಮನೆ ಲಾಭ. ಬೀದಿಯ ಬ್ರೋಕರ್ ಹೇಳುವ ಬೆಲೆಯೂ ಬೇಡ. ಇಬ್ಬರು ನೋಂದಾಯಿತ ಮೌಲ್ಯಮಾಪಕರ ವರದಿ ತೆಗೆದುಕೊಂಡು ಸರಾಸರಿ ಹಿಡಿಯಲಿ ಎಂದು ಬರೆಯಿರಿ. ಒಬ್ಬರನ್ನು ದೊಡ್ಡ ಮಗ ಆರಿಸಲಿ, ಇನ್ನೊಬ್ಬರನ್ನು ಉಳಿದಿಬ್ಬರು ಸೇರಿ ಆರಿಸಲಿ. ಎರಡು ವರದಿಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ವಿಲ್ ಜಾರಿಗೆ ತರಲು ನೀವು ಅದರಲ್ಲಿ ಹೆಸರಿಸಿದ ನಿರ್ವಾಹಕರು ಮೂರನೆಯವರನ್ನು ನೇಮಿಸಲಿ, ಅವರು ಹೇಳಿದ್ದೇ ಕೊನೆ. ಶುಲ್ಕ ಒಟ್ಟು ಹಣದಿಂದ ಹೋಗಲಿ. ಬೆಲೆ ಯಾವ ದಿನದ್ದು ಎಂದೂ ಹೇಳಬೇಕು. ಮರಣದ ದಿನ ಎಂದು ಹಿಡಿದರೆ ತಡಮಾಡಿ ಲಾಭ ಪಡೆಯುವ ಆಸೆ ಯಾರಿಗೂ ಹುಟ್ಟುವುದಿಲ್ಲ.

ದೊಡ್ಡ ಮಗನಿಗೆ ಅಷ್ಟು ಹಣ ಹೊಂದಿಸಲು ಆಗದಿದ್ದರೆ?

ಅದಕ್ಕೂ ವಿಲ್‌ನಲ್ಲೇ ದಾರಿ ಇರಬೇಕು. ಮನೆ ಬೇಕೇ ಬೇಡವೇ ಎಂದು ಮೂರು ತಿಂಗಳೊಳಗೆ ಅವನು ಲಿಖಿತವಾಗಿ ತಿಳಿಸಲಿ. ಬೇಡವೆಂದರೆ ಅಥವಾ ಹನ್ನೆರಡು ತಿಂಗಳೊಳಗೆ ಹಣ ಕೊಡದಿದ್ದರೆ ಅದೇ ಬೆಲೆಗೆ ಮಗಳಿಗೆ ಅವಕಾಶ, ಅವಳೂ ಬಿಟ್ಟರೆ ಚಿಕ್ಕ ಮಗನಿಗೆ. ಯಾರಿಗೂ ಬೇಡವಾದರೆ ನಿರ್ವಾಹಕರು ಮನೆ ಮಾರಿ, ಬಂದ ಹಣವನ್ನು ಠೇವಣಿಯ ಜೊತೆ ಸೇರಿಸಿ ಅದೇ ಲೆಕ್ಕದಲ್ಲಿ ಹಂಚಲಿ. ಮಾರುವ ಅಧಿಕಾರ ನಿರ್ವಾಹಕರಿಗೆ ಇದೆ ಎಂದು ಸ್ಪಷ್ಟವಾಗಿ ಬರೆಯಿರಿ.

ಹನ್ನೆರಡು ತಿಂಗಳು ಹೆಚ್ಚೇನಲ್ಲ. ಮರಣ ಪ್ರಮಾಣಪತ್ರ, ಇ-ಖಾತಾ ವರ್ಗಾವಣೆ, ಮೌಲ್ಯಮಾಪನ ಮುಗಿಯುವ ಹೊತ್ತಿಗೆ ಅರ್ಧ ವರ್ಷ ಹೋಗಿರುತ್ತದೆ. ಸಾಲ ಪಡೆದೇ ಹಣ ಕೊಡಬೇಕಾದಾಗ ಬ್ಯಾಂಕು ಹಕ್ಕು ಚೊಕ್ಕವಿರಬೇಕೆನ್ನುತ್ತದೆ, ತಂಗಿ ತಮ್ಮ ಹಣ ಬರುವ ಮೊದಲು ಹಕ್ಕು ಬಿಡಲು ಒಪ್ಪುವುದಿಲ್ಲ. ಸಾಲದ ಹಣವನ್ನು ಬ್ಯಾಂಕೇ ನೇರವಾಗಿ ಇಬ್ಬರ ಹೆಸರಿಗೆ ಕೊಟ್ಟು, ಅದೇ ದಿನ ನಿರ್ವಾಹಕರು ಮೂಲ ಕ್ರಯಪತ್ರವನ್ನೂ ಒಪ್ಪಿಗೆ ಪತ್ರವನ್ನೂ ಕೊಡುವಂತೆ ಮೊದಲೇ ಮಾತಾಡಿಕೊಂಡರೆ ಈ ಗಂಟು ಬಿಡುತ್ತದೆ. ಆದ್ದರಿಂದ ಮೂಲ ದಾಖಲೆಗಳು ಹಣ ಸಂದಾಯವಾಗುವ ತನಕ ನಿರ್ವಾಹಕರ ಬಳಿಯೇ ಇರಲಿ. ನಿರ್ವಾಹಕರಾಗಿ ಮೂವರಲ್ಲಿ ಒಬ್ಬರನ್ನು ಮಾಡದೆ, ಮಕ್ಕಳಿಗೆ ಗೌರವವಿರುವ, ನಿಮಗಿಂತ ಚಿಕ್ಕ ವಯಸ್ಸಿನ ಸಂಬಂಧಿಕರನ್ನೋ ಹಳೆಯ ಸಹೋದ್ಯೋಗಿಯನ್ನೋ ಕೇಳಿಕೊಳ್ಳಿ. ಅವರಿಗಾಗದಿದ್ದರೆ ಎಂದು ಇನ್ನೊಂದು ಹೆಸರೂ ಇರಲಿ.

ಠೇವಣಿಗೆಲ್ಲ ದೊಡ್ಡ ಮಗನೇ ನಾಮಿನಿ. ವಿಲ್‌ನಲ್ಲಿ ಬೇರೆಯವರಿಗೆ ಬರೆದರೆ ಯಾವುದು ನಡೆಯುತ್ತದೆ?

ವಿಲ್. ಬ್ಯಾಂಕಿನ ಠೇವಣಿಗೆ ನಾಮಿನಿಯಾದವರು ಹಣ ಪಡೆದುಕೊಳ್ಳುವ ಕೈ ಮಾತ್ರ, ಮಾಲೀಕರಲ್ಲ. ವಾರಸುದಾರರ ಪರವಾಗಿ ಅದನ್ನು ಹಿಡಿದಿರುತ್ತಾರೆ. ಷೇರುಗಳ ವಿಷಯದಲ್ಲೂ ಹಾಗೆಯೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ವಿಮೆ ಮಾತ್ರ ಬೇರೆ: 2015ರ ತಿದ್ದುಪಡಿಯ ನಂತರ, ಸಂಗಾತಿ, ಮಕ್ಕಳು ಅಥವಾ ತಂದೆತಾಯಿಯನ್ನು ನಾಮಿನಿ ಮಾಡಿದ್ದರೆ ಹಣ ಅವರದ್ದೇ ಆಗುತ್ತದೆ.

ಆದರೆ ಬ್ಯಾಂಕು ವಿಲ್ ನೋಡುವುದಿಲ್ಲ. ನಾಮಿನಿಗೆ ಹಣ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆಮೇಲೆ ತಂಗಿಯೂ ತಮ್ಮನೂ ಅಣ್ಣನ ಹತ್ತಿರ ಕೇಳಿ ಪಡೆಯಬೇಕು. ಆ ಸ್ಥಿತಿಯನ್ನೇ ತಪ್ಪಿಸಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರ ತನಕ ನಾಮಿನಿ ಮಾಡಿ, ಯಾರಿಗೆ ಶೇಕಡಾ ಎಷ್ಟು ಎಂದು ಬರೆಯಲು ಅವಕಾಶವಿದೆ. ನಮ್ಮ ಲೆಕ್ಕದಲ್ಲಿ ಠೇವಣಿ ಹೋಗುವುದು ಮಗಳಿಗೂ ಚಿಕ್ಕ ಮಗನಿಗೂ. ಹಾಗಾಗಿ ಅವರಿಬ್ಬರನ್ನೇ ತಲಾ 50ರಂತೆ ಮಾಡಿಬಿಡಿ. ಲಾಕರಿಗೆ ಮಾತ್ರ ಹೀಗೆ ಶೇಕಡಾ ಹಂಚುವಂತಿಲ್ಲ, ಒಬ್ಬರ ನಂತರ ಒಬ್ಬರು ಎಂದು ಹೆಸರಿಸಬೇಕು.

ಪಿಂಚಣಿಯನ್ನು ವಿಲ್‌ನಲ್ಲಿ ಹಂಚುವಂತಿಲ್ಲ. ಕುಟುಂಬ ಪಿಂಚಣಿ ಸರ್ಕಾರದ ನಿಯಮದಂತೆ ಅರ್ಹರಿಗೆ ಹೋಗುತ್ತದೆ.

ನನಗಿಂತ ಮೊದಲೇ ಮಕ್ಕಳಲ್ಲಿ ಒಬ್ಬರು ತೀರಿಕೊಂಡರೆ?

ಬರೆಯಲು ಮನಸ್ಸಾಗುವುದಿಲ್ಲ, ಆದರೂ ಒಂದು ಸಾಲು ಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 109ನೇ ಕಲಮಿನ ಪ್ರಕಾರ, ತೀರಿಕೊಂಡ ಮಗನಿಗೆ ಮಕ್ಕಳಿದ್ದರೆ ಅವನ ಪಾಲು ಬಿದ್ದುಹೋಗುವುದಿಲ್ಲ. ಆದರೆ ಅದು ನೇರವಾಗಿ ಮೊಮ್ಮಕ್ಕಳಿಗೆ ಬರುವುದಿಲ್ಲ. ಅವನ ಆಸ್ತಿಗೆ ಸೇರಿ, ಅವನು ವಿಲ್ ಬರೆದಿದ್ದರೆ ಅದರಂತೆ, ಇಲ್ಲದಿದ್ದರೆ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ನಿಮ್ಮ ಇಷ್ಟ ಬೇರೆಯಾದರೆ "ಆ ಭಾಗ ಅವನ ಮಕ್ಕಳಿಗೆ ಸಮನಾಗಿ" ಎಂದು ಬರೆಯಿರಿ. ದೊಡ್ಡ ಮಗನೇ ಇಲ್ಲವಾದರೆ ಮನೆಯ ಅವಕಾಶ ಸೊಸೆಗೆ ಇರುತ್ತದೋ ಇಲ್ಲವೋ ಎಂಬುದನ್ನೂ ಹೇಳಿ. ಅವಳು ಆ ಮಹಡಿಯಲ್ಲೇ ಸಂಸಾರ ಮಾಡಿದವಳು.

ಪತ್ನಿ ಬದುಕಿದ್ದರೆ ಏನು ಬದಲಾಗುತ್ತದೆ?

ಮಕ್ಕಳ ಹಂಚಿಕೆ ಅವರ ಕಾಲಾನಂತರ ನಡೆಯಬೇಕು, ಅಲ್ಲಿಯ ತನಕ ಅವರು ಕೆಳಮನೆಯಲ್ಲಿ ಇರಬೇಕು, ಠೇವಣಿಯ ಬಡ್ಡಿ ಅವರದ್ದಾಗಬೇಕು. ಆದರೆ ಪದಗಳ ಬಗ್ಗೆ ಎಚ್ಚರ. ಜೀವನಾಂಶಕ್ಕೆ ಬದಲಾಗಿ ಹಿಂದೂ ಪತ್ನಿಗೆ ಕೊಟ್ಟ ಸೀಮಿತ ಹಕ್ಕು ಪೂರ್ಣ ಒಡೆತನವಾಗಿ ಬೆಳೆಯಬಲ್ಲದು ಎಂದು ಸುಪ್ರೀಂ ಕೋರ್ಟ್ 1977ರ ತುಳಸಮ್ಮ ಪ್ರಕರಣದಲ್ಲಿ ಹೇಳಿದೆ. "ಅವಳ ಜೀವನಾಂಶಕ್ಕಾಗಿ ಮನೆಯನ್ನು ಅನುಭವಿಸಲಿ" ಎಂದು ಬರೆದರೆ ಆ ವಾದಕ್ಕೆ ಬಾಗಿಲು ತೆರೆದಂತೆ. ಅವರಿಗೆ ಪೂರ್ಣ ಹಕ್ಕು ಕೊಡುವುದೇ ನಿಮ್ಮ ಇಷ್ಟವಾದರೆ ಹಾಗೆಂದೇ ಬರೆಯಿರಿ. ಆಗ ಮಕ್ಕಳಿಗೆ ಹಂಚುವ ವಿಲ್ ಬರೆಯಬೇಕಾದವರು ಅವರು. ಈ ಒಂದು ಭಾಗವನ್ನು ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಛಾಪಾ ಕಾಗದ ಬೇಕೇ? ಸಹಿ, ಸಾಕ್ಷಿ ಹೇಗೆ?

ಛಾಪಾ ಕಾಗದ ಬೇಡ, ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ಮೇಷ್ಟ್ರಿಗೆ ಅಭ್ಯಾಸವಿದ್ದರೆ ಸ್ವಂತ ಕೈಬರಹವೇ ಒಳ್ಳೆಯದು, ಆಮೇಲೆ ಅದನ್ನು ಅವರದಲ್ಲ ಎನ್ನುವುದು ಕಷ್ಟ. ಪುಟಕ್ಕೆ ಸಂಖ್ಯೆ ಹಾಕಿ, ಪ್ರತಿ ಪುಟದ ಕೆಳಗೂ ಸಹಿ ಮಾಡಿ. ಮನೆಯ ಷೆಡ್ಯೂಲನ್ನು ಕ್ರಯಪತ್ರ ನೋಡಿ ಅಕ್ಷರಶಃ ಇಳಿಸಿ: ನಿವೇಶನ ಸಂಖ್ಯೆ, ಇ-ಖಾತಾ ಸಂಖ್ಯೆ, ಪೂರ್ವ ಪಶ್ಚಿಮ, ಉತ್ತರ ದಕ್ಷಿಣ ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಅಳತೆ ಇ-ಖಾತಾದಲ್ಲೊಂದು, ಕ್ರಯಪತ್ರದಲ್ಲೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಸಾಕ್ಷಿಗಳು ಕನಿಷ್ಠ ಇಬ್ಬರು. ನೀವು ಸಹಿ ಮಾಡುವುದನ್ನು ಇಬ್ಬರೂ ಕಣ್ಣಾರೆ ನೋಡಿ, ನಿಮ್ಮ ಎದುರೇ ಸಹಿ ಮಾಡಬೇಕು. ಸಹಿ ಹಾಕಿದ ಹಾಳೆಯನ್ನು ಮಗನ ಕೈಲಿ ಪಕ್ಕದ ಮನೆಗೆ ಕಳಿಸಿ ಸಾಕ್ಷಿ ಸಹಿ ತರಿಸಿದರೆ, ಕೋರ್ಟಿನಲ್ಲಿ "ನೀವು ನೋಡಿದಿರಾ" ಎಂಬ ಒಂದೇ ಪ್ರಶ್ನೆಗೆ ವಿಲ್ ಬೀಳುತ್ತದೆ. ವಿವಾದವಾದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಲೇಬೇಕು. ಆದ್ದರಿಂದ 71ರ ಮೇಷ್ಟ್ರು ತಮ್ಮದೇ ವಯಸ್ಸಿನ ಇಬ್ಬರು ಗೆಳೆಯರನ್ನು ಸಾಕ್ಷಿ ಮಾಡಿಕೊಳ್ಳುವುದು ಸರಿಯಲ್ಲ. ನಲವತ್ತರ ಆಸುಪಾಸಿನ ಹಳೆಯ ವಿದ್ಯಾರ್ಥಿಗಳು, ಅದರಲ್ಲೂ ನೆಲೆ ನಿಂತವರು, ಒಳ್ಳೆಯ ಆಯ್ಕೆ. ಪಾಲು ಪಡೆಯುವ ಮಕ್ಕಳು, ಸೊಸೆ, ಅಳಿಯ ಸಾಕ್ಷಿಯಾಗುವುದು ಬೇಡ.

ಅಷ್ಟೇ ಅಲ್ಲ, ಪಾಲು ಪಡೆಯುವವರು ವಿಲ್ ಬರೆಸುವ ಕೆಲಸದಿಂದಲೇ ದೂರ ಇರಲಿ. ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ, 1959ರಲ್ಲಿ ವರದಿಯಾದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣ ಇಂದಿಗೂ ಎಲ್ಲ ಕೋರ್ಟುಗಳಿಗೂ ಅಳತೆಗೋಲು. ಹೆಚ್ಚು ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಅದು ಅನುಮಾನಕ್ಕೆ ಎಡೆ, ಆ ಅನುಮಾನ ನೀಗಿಸುವ ಹೊಣೆ ವಿಲ್ ಹಿಡಿದು ಬಂದವರದ್ದು ಎಂದು ಅದು ಹೇಳಿತು. ದೊಡ್ಡ ಮಗ ಕಾರಿನಲ್ಲಿ ಕರೆದೊಯ್ದು, ತನ್ನ ಪರಿಚಯದ ವಕೀಲರ ಹತ್ತಿರ ಬರೆಸಿ, ತನ್ನ ಗೆಳೆಯರಿಂದ ಸಾಕ್ಷಿ ಹಾಕಿಸಿದರೆ, ಹಂಚಿಕೆ ಎಷ್ಟೇ ನ್ಯಾಯವಾಗಿದ್ದರೂ ಅವನೇ ಉತ್ತರ ಹೇಳುತ್ತ ನಿಲ್ಲಬೇಕಾಗುತ್ತದೆ. ವಯಸ್ಸಾದವರು ಸಹಿ ಮಾಡುವ ದಿನ ಅಥವಾ ಹಿಂದಿನ ದಿನ, ಬುದ್ಧಿ ಸ್ವಾಧೀನದಲ್ಲಿದೆ ಎಂದು ತಮ್ಮ ಡಾಕ್ಟರಿಂದ ಪತ್ರ ಪಡೆದು ಜೊತೆಗಿಡುವುದು ಒಳ್ಳೆಯದು.

ನೋಂದಣಿ ಕಡ್ಡಾಯವೇ?

ಅಲ್ಲ. ಆದರೂ ಮಾಡಿಸಿ ಎನ್ನುತ್ತೇವೆ. ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿ ದಿನ ನಿಗದಿ ಮಾಡಿಕೊಂಡು, ಇಬ್ಬರು ಸಾಕ್ಷಿಗಳ ಜೊತೆ ಗುರುತಿನ ಚೀಟಿ ಹಿಡಿದು ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಫೋಟೊ, ಹೆಬ್ಬೆಟ್ಟು ಅಲ್ಲೇ ತೆಗೆಯುತ್ತಾರೆ. ಹಾಸಿಗೆ ಹಿಡಿದವರಾದರೆ ಅಧಿಕಾರಿಯೇ ಮನೆಗೆ ಬರುವಂತೆ ಅರ್ಜಿ ಕೊಡಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಮಕ್ಕಳಿಗೆ ಈಗಲೇ ಗೊತ್ತಾಗುತ್ತದೆ ಎಂಬ ಭಯ ಬೇಡ: ಬರೆದವರು ಬದುಕಿರುವ ತನಕ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ, ಋಣಭಾರ ಪ್ರಮಾಣಪತ್ರದಲ್ಲೂ ವಿಲ್ ಕಾಣಿಸುವುದಿಲ್ಲ.

ನೋಂದಣಿಯಾಯಿತೆಂದರೆ ವಿಲ್ ಗಟ್ಟಿಯಾಯಿತು ಎಂದುಕೊಳ್ಳಬೇಡಿ. ಸಾಕ್ಷಿ ಬಂದು ಹೇಳುವ ಅಗತ್ಯ ಅದರಿಂದ ತಪ್ಪುವುದಿಲ್ಲ.

ಆಮೇಲೆ ಬದಲಿಸಬಹುದೇ?

ಎಷ್ಟು ಸಲ ಬೇಕಾದರೂ. ಆದರೆ ಹಳೆಯ ವಿಲ್‌ನ ಮೇಲೆಯೇ ಪೆನ್ನಿನಲ್ಲಿ ಹೊಡೆದು ತಿದ್ದಬೇಡಿ. ಸಾಕ್ಷಿಗಳ ಸಹಿಯಿಲ್ಲದ ತಿದ್ದುಪಡಿಗೆ ಬೆಲೆಯಿಲ್ಲ. ಹೊಸದನ್ನು ಪೂರ್ತಿಯಾಗಿ ಬರೆದು, "ಇದಕ್ಕೆ ಮೊದಲು ಬರೆದ ಎಲ್ಲ ವಿಲ್‌ಗಳನ್ನೂ ರದ್ದು ಮಾಡಿದ್ದೇನೆ" ಎಂದು ಸೇರಿಸಿ, ಮತ್ತೆ ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ. ಹಿಂದಿನದು ನೋಂದಣಿಯಾಗಿದ್ದರೆ ಹೊಸದನ್ನೂ ನೋಂದಾಯಿಸಿ. ಕಾನೂನು ಕೇಳದಿದ್ದರೂ ಜನ ಕೇಳುತ್ತಾರೆ.

ಈಗಲೇ ದಾನಪತ್ರ ಮಾಡಿ ಮುಗಿಸಿಬಿಟ್ಟರೆ?

ದಾನಪತ್ರ ನೋಂದಣಿಯಾದ ದಿನವೇ ಮನೆ ನಿಮ್ಮ ಕೈಬಿಡುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿದ್ದು ಮಕ್ಕಳು ಅದನ್ನು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ರದ್ದು ಕೇಳಬಹುದು ನಿಜ. ಆದರೆ ಎಪ್ಪತ್ತು ದಾಟಿದ ಮೇಲೆ ಸ್ವಂತ ಮನೆಗಾಗಿ ಮಕ್ಕಳ ವಿರುದ್ಧ ಅರ್ಜಿ ಹಿಡಿದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೂರುವ ಪಾಡು ಯಾರಿಗೂ ಬೇಡ. ಇರುವ ತನಕ ಮನೆ ನಿಮ್ಮ ಹೆಸರಿನಲ್ಲೇ ಇರಲಿ.

ತಂದೆ ತೀರಿಕೊಂಡ ಮೇಲೆ ಮಕ್ಕಳು ಮೊದಲು ಏನು ಮಾಡಬೇಕು?

ಮರಣ ಪ್ರಮಾಣಪತ್ರದ ಕೆಲವು ದೃಢೀಕೃತ ಪ್ರತಿಗಳನ್ನು ಒಟ್ಟಿಗೇ ಪಡೆಯಿರಿ. ನಿರ್ವಾಹಕರು ಮೂವರ ಎದುರೂ ವಿಲ್ ಓದಲಿ, ಆ ದಿನವೇ ಮೂವರಿಗೂ ನಕಲು ಕೊಡಲಿ. ಮುಂದೆ ಮನೆಯ ಎರಡು ಮೌಲ್ಯಮಾಪನ, ಎಲ್ಲ ಖಾತೆಗಳ ಆ ದಿನದ ಶಿಲ್ಕು, ಬಾಕಿ ಬಿಲ್ಲುಗಳು: ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಮಾಡಿ. ಬೆಂಗಳೂರಿನಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ನಿಜವೆಂಬ ಕೋರ್ಟಿನ ದೃಢೀಕರಣ, ಕಡ್ಡಾಯವಿಲ್ಲ. ಮರಣ ಪ್ರಮಾಣಪತ್ರ, ವಿಲ್ ಮತ್ತು ಕ್ರಯಪತ್ರ ಇಟ್ಟುಕೊಂಡು ನಗರ ಪಾಲಿಕೆಗೆ ಖಾತೆ ವರ್ಗಾವಣೆಯ ಅರ್ಜಿ ಹಾಕಬಹುದು. ಜೊತೆಗೆ ಉಳಿದಿಬ್ಬರ ನಿರಾಕ್ಷೇಪಣಾ ಪತ್ರವಿದ್ದರೆ ಕೆಲಸ ಬೇಗ ಸಾಗುತ್ತದೆ. ಆದರೆ ತಂಗಿಯೂ ತಮ್ಮನೂ ಆ ಪತ್ರಕ್ಕೆ ಸಹಿ ಮಾಡುವ ಮೊದಲು ಒಂದು ಸಾಲು ಸೇರಿಸಲಿ: "ವಿಲ್‌ನಂತೆ ನನಗೆ ಬರಬೇಕಾದ ಹಣ ಸಂದಾಯವಾಗಬೇಕೆಂಬ ಷರತ್ತಿಗೆ ಒಳಪಟ್ಟು."